ಗೃಹಸಾಲವನ್ನು ಬೇಗ ತೀರಿಸುವುದೋ, ಹೂಡುವುದೋ: ಮೊದಲು ದರವನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು ಬರೆದ ಪ್ರತಿಕ್ರಿಯೆಯೊಂದು ನನ್ನ ತಲೆ ತಿನ್ನುತ್ತಿದೆ. "ಸರ್, ತಿಂಗಳಿಗೆ 10 ಸಾವಿರವನ್ನು ಗೃಹಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟಿದರೆ ಉಳಿಯುವ ಬಡ್ಡಿ 21.8 ಲಕ್ಷ. ಅದೇ ಹಣವನ್ನು ಹೂಡಿದರೆ ಬರುವ ಲಾಭ 38.7 ಲಕ್ಷ. ಇಷ್ಟು ಸರಳವಾದ ಲೆಕ್ಕ ಬಾರದವರು ಚಾನೆಲ್ ಏಕೆ ನಡೆಸುತ್ತೀರಿ?" ಎಂದು ಅವರು ಕೇಳಿದ್ದಾರೆ. ಈ ಮಾತಿಗೆ ನೂರಾರು ಜನ ಮೆಚ್ಚುಗೆ ಒತ್ತಿದ್ದಾರೆ. ನನ್ನ ವೀಡಿಯೊಗೆ ಅಷ್ಟು ಮೆಚ್ಚುಗೆ ಬಂದಿಲ್ಲ ಎಂಬುದು ಬೇರೆ ವಿಷಯ. ಇನ್ನೂ ಚಂದಾದಾರರಾಗದವರು ಈ ಅನ್ಯಾಯವನ್ನು ಈಗಲೇ ಸರಿಪಡಿಸಬಹುದು.

ಅವರ ಕೂಡು ಕಳೆ ಸರಿಯಾಗಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಅವರು ತಲುಪಿರುವ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಅವರು ತೆಗೆದುಕೊಂಡ ಸಾಲ 50 ಲಕ್ಷ, ಬಡ್ಡಿ ಶೇ 8.5, ಅವಧಿ 20 ವರ್ಷ, ತಿಂಗಳ ಕಂತು 43,391. ಕಂತಿನ ಜೊತೆಗೆ ಪ್ರತಿ ತಿಂಗಳೂ 10 ಸಾವಿರವನ್ನು ಅಸಲಿಗೆ ಕಟ್ಟುತ್ತ ಹೋದರೆ ಸಾಲವು ಸುಮಾರು 12 ವರ್ಷ 10 ತಿಂಗಳಿಗೆ ಮುಗಿಯುತ್ತದೆ, ಮತ್ತು ಒಟ್ಟು ಬಡ್ಡಿಯು 54.14 ಲಕ್ಷದಿಂದ 32.35 ಲಕ್ಷಕ್ಕೆ ಇಳಿಯುತ್ತದೆ. ಅವರು ಹೇಳಿದ 21.8 ಲಕ್ಷ ಬಂದದ್ದು ಇಲ್ಲಿಂದ. ಸಾಲವನ್ನು ಅದರ ಪಾಡಿಗೆ ಬಿಟ್ಟು ಅದೇ 10 ಸಾವಿರವನ್ನು 20 ವರ್ಷ ಹೂಡಿದರೆ, ಕಟ್ಟಿದ 24 ಲಕ್ಷವು 62.7 ಲಕ್ಷವಾಗುತ್ತದೆ, ಅಂದರೆ ಲಾಭ 38.7 ಲಕ್ಷ. ಹಾಗಾದರೆ ಹೂಡಿಕೆಯ ಮೇಲೆ ಅವರು ಹಿಡಿದ ದರ ಎಷ್ಟು ಎಂದು ನಾನು ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ. ಅದೂ ಶೇ 8.5!

ಎರಡೂ ಕಡೆ ದರ ಒಂದೇ ಆಗಿರುವಾಗ ಒಂದು ದಾರಿ ಇನ್ನೊಂದಕ್ಕಿಂತ 17 ಲಕ್ಷ ಹೆಚ್ಚು ಕೊಡುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಅವರಿಗೂ ಬರಲಿಲ್ಲ, ಮೆಚ್ಚುಗೆ ಒತ್ತಿದವರಿಗೂ ಬರಲಿಲ್ಲ. ಸಾಲ ಬೇಗ ತೀರಿಸಿದವರ ಕೈಯಲ್ಲಿ ಉಳಿದ 7 ವರ್ಷ 2 ತಿಂಗಳ ಕಾಲ ಪ್ರತಿ ತಿಂಗಳೂ 53,391 ಉಳಿಯುತ್ತದೆ ಎಂಬುದನ್ನು ಆ ಲೆಕ್ಕ ಸಲೀಸಾಗಿ ಮರೆತಿದೆ. ಆ ಹಣವನ್ನು ಅದೇ ಶೇ 8.5ರ ದರದಲ್ಲಿ ಹೂಡಿ, ಇಪ್ಪತ್ತನೇ ವರ್ಷದ ಕೊನೆಯಲ್ಲಿ ಎಷ್ಟಾಗಿದೆ ಎಂದು ನೋಡಿ. ಅಲ್ಲಿಯೂ 62.7 ಲಕ್ಷವೇ ಇದೆ. ದರ ಒಂದೇ ಇದ್ದರೆ ಎರಡೂ ದಾರಿಗಳು ಒಂದೇ ಜಾಗಕ್ಕೆ ತಲುಪುತ್ತವೆ. ಆದ್ದರಿಂದ ದರದೊಂದಿಗೆ ದರವನ್ನು ಹೋಲಿಸಿ. ಉಳಿದ ಬಡ್ಡಿಯ ಮೊತ್ತವನ್ನು ಹೂಡಿಕೆಯ ಲಾಭದ ಮೊತ್ತದೊಂದಿಗೆ ಹೋಲಿಸುವುದು, ಒಬ್ಬರ ಎತ್ತರವನ್ನೂ ಇನ್ನೊಬ್ಬರ ತೂಕವನ್ನೂ ಅಳೆದು ಯಾರು ದೊಡ್ಡವರು ಎಂದು ಕೇಳಿದಂತೆ.

ಸಾಲಕ್ಕೆ ಹೆಚ್ಚುವರಿ ಅಸಲು ಕಟ್ಟುವುದೂ ಒಂದು ಹೂಡಿಕೆಯೇ, ಮತ್ತು ಅದರ ಪ್ರತಿಫಲ ನಿಮ್ಮ ಸಾಲದ ದರವೇ. ಇದನ್ನು ನಂಬಲು ನನ್ನ ಮಾತು ಬೇಕಿಲ್ಲ, ಸಾಲದ ಸ್ಟೇಟ್‌ಮೆಂಟ್ ಸಾಕು. ನಮ್ಮ ಉದಾಹರಣೆಯಲ್ಲಿ ಮೊದಲ ಕಂತಿನ 43,391ರಲ್ಲಿ 35,417 ಬಡ್ಡಿಗೆ ಹೋಗುತ್ತದೆ, 7,974 ಮಾತ್ರ ಅಸಲಿಗೆ ಸೇರುತ್ತದೆ. ಎರಡನೇ ತಿಂಗಳ ಬಡ್ಡಿ 35,360 ಆಗಬೇಕು. ಮೊದಲ ಕಂತಿನ ದಿನವೇ 10 ಸಾವಿರ ಹೆಚ್ಚುವರಿಯಾಗಿ ಕಟ್ಟಿದ್ದರೆ ಅದು 35,289 ಆಗಿರುತ್ತದೆ. ಆ 71ರ ವ್ಯತ್ಯಾಸವೇ 10 ಸಾವಿರದ ಮೇಲೆ ನಿಮಗೆ ಬಂದ ಒಂದು ತಿಂಗಳ ಪ್ರತಿಫಲ, ಅಂದರೆ ಶೇ 8.5ರ ಹನ್ನೆರಡನೆಯ ಒಂದು ಭಾಗ. ಹೆಚ್ಚುವರಿ ಹಣ ಕಟ್ಟಿದ ಮೇಲೂ ಈ ಇಳಿಕೆ ಕಾಣದಿದ್ದರೆ, ಬ್ಯಾಂಕು ಅದನ್ನು ಅಸಲಿಗೆ ಜಮಾ ಮಾಡದೆ ಮುಂದಿನ ಕಂತಿನ ಮುಂಗಡವೆಂದು ಇಟ್ಟುಕೊಂಡಿರುವ ಸಾಧ್ಯತೆ ಇದೆ. ಆಗ ಅದನ್ನು ಅಸಲಿಗೇ ಹಾಕಬೇಕೆಂದೂ, ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಕಡಿಮೆ ಮಾಡಬೇಕೆಂದೂ ಬರವಣಿಗೆಯಲ್ಲಿ ಕೇಳಿ. ಕಂತು ಇಳಿಸಿಕೊಂಡರೆ ನಷ್ಟವೇನೂ ಇಲ್ಲ, ಆದರೆ ಇಳಿದ ಆ ಮೊತ್ತ ತಿಂಗಳ ಖರ್ಚಿನಲ್ಲಿ ಕರಗಿಹೋಗುತ್ತದೆ.

ಇದಕ್ಕೆ ಎದುರು ಪಕ್ಷವೂ ಒಂದಿದೆ, ಅವರನ್ನೂ ಬಿಡುವಂತಿಲ್ಲ. "ಮೊದಲ ವರ್ಷಗಳಲ್ಲಿ ಕಂತೆಲ್ಲ ಬಡ್ಡಿಯೇ ಆದ್ದರಿಂದ ಆಗಲೇ ಕಟ್ಟಬೇಕು, ಅರ್ಧ ಅವಧಿ ಕಳೆದ ಮೇಲೆ ಕಟ್ಟಿ ಪ್ರಯೋಜನವಿಲ್ಲ" ಎಂದು ಇವರು ಸಾರುತ್ತಾರೆ. ಎರಡನೇ ವರ್ಷದಲ್ಲಿ ಕಟ್ಟಿದ 1 ಲಕ್ಷವೂ ಹದಿನೆಂಟನೇ ವರ್ಷದಲ್ಲಿ ಕಟ್ಟಿದ 1 ಲಕ್ಷವೂ ಮುಂದಿನ ಒಂದು ವರ್ಷದಲ್ಲಿ ತಡೆಯುವ ಬಡ್ಡಿ ಸುಮಾರು 8,500. ಮೊದಲೇ ಕಟ್ಟಿದ ಹಣ ಹೆಚ್ಚು ಉಳಿಸುವಂತೆ ಕಾಣುವುದು ಅದು ಹೆಚ್ಚು ವರ್ಷ ದುಡಿಯುವುದರಿಂದಲೇ ಹೊರತು ಹೆಚ್ಚು ದರದಲ್ಲಿ ದುಡಿಯುವುದರಿಂದಲ್ಲ. ಠೇವಣಿಯನ್ನು ಎರಡನೇ ವರ್ಷದಲ್ಲಿ ಇಟ್ಟರೂ ಇದೇ ಆಗುತ್ತದೆ. ದರವನ್ನು ನೋಡಿ ಮಹನೀಯರೇ, ವರ್ಷವನ್ನಲ್ಲ.

ದರಗಳು ಬೇರೆಯಾದಾಗ ಏನಾಗುತ್ತದೆ ಎಂಬುದನ್ನೂ ಇದೇ ಉದಾಹರಣೆಯಲ್ಲಿ ನೋಡೋಣ. ತೆರಿಗೆ ಕಳೆದು ಹೂಡಿಕೆ ಶೇ 6 ಕೊಟ್ಟರೆ, ತಿಂಗಳಿಗೆ 10 ಸಾವಿರ ಹೂಡಿದವರ ಬಳಿ ಇಪ್ಪತ್ತನೇ ವರ್ಷದ ಕೊನೆಗೆ 46.2 ಲಕ್ಷ ಇರುತ್ತದೆ. ಸಾಲ ಮೊದಲು ತೀರಿಸಿ, ಬಿಡುಗಡೆಯಾದ ಕಂತನ್ನು ಅದೇ ಶೇ 6ರಲ್ಲಿ ಹೂಡಿದವರ ಬಳಿ ಸುಮಾರು 57 ಲಕ್ಷ ಇರುತ್ತದೆ. ತೆರಿಗೆ ಕಳೆದು ಶೇ 11 ಬಂದರೆ ಫಲಿತಾಂಶ ತಲೆಕೆಳಗಾಗುತ್ತದೆ: ಹೂಡಿದವರಿಗೆ 86.6 ಲಕ್ಷ, ಸಾಲ ತೀರಿಸಿದವರಿಗೆ 69.1 ಲಕ್ಷ. ಹಾಗಾಗಿ "ಯಾವಾಗಲೂ ಸಾಲ ತೀರಿಸಿ" ಎನ್ನುವವರೂ "ಯಾವಾಗಲೂ ಹೂಡಿ" ಎನ್ನುವವರೂ ದರವನ್ನೇ ಕೇಳದೆ ಉತ್ತರ ಹೇಳುತ್ತಿದ್ದಾರೆ.

ಶೇ 11 ಎಂದ ಕೂಡಲೇ ಹಿಗ್ಗಿದವರು ಸ್ವಲ್ಪ ತಾಳಿ. ಸಾಲದ ದರ ಸಹಿ ಹಾಕಿದ ಪತ್ರದಲ್ಲಿದೆ; ಷೇರು ನಿಧಿಯ ಶೇ 11 ನಿಮ್ಮ ನಿರೀಕ್ಷೆಯಲ್ಲಿದೆ. ಶುಲ್ಕ ಕಳೆದು, ತೆರಿಗೆ ಕಳೆದು, ಇಪ್ಪತ್ತು ವರ್ಷದ ಸರಾಸರಿಯಾಗಿ ಅದು ಬರಬಹುದು, ಬಾರದೆಯೂ ಇರಬಹುದು. ಅದೂ ಅಲ್ಲದೆ, ಮಾಸಿಕ ಹೂಡಿಕೆಯಲ್ಲಿ ದೊಡ್ಡ ಮೊತ್ತ ಸೇರುವುದು ಕೊನೆಯ ವರ್ಷಗಳಲ್ಲಿ, ಆದ್ದರಿಂದ ಹದಿನೆಂಟನೇ ವರ್ಷದ ಕುಸಿತವು ಎರಡನೇ ವರ್ಷದ ಕುಸಿತಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊಡೆಯುತ್ತದೆ. ಖಚಿತವಾದ ದರವನ್ನು ಖಚಿತವಾದ ದರದೊಂದಿಗೆ, ಅಂದರೆ ತೆರಿಗೆ ಕಳೆದ ಠೇವಣಿಯೊಂದಿಗೆ ಹೋಲಿಸಿ. ಷೇರಿನೊಂದಿಗೆ ಹೋಲಿಸುವುದಾದರೆ, ನಡುವಿನ ಎರಡೂವರೆ ಶೇಕಡಾವನ್ನು ಆ ಅನಿಶ್ಚಿತತೆಯ ಕೂಲಿ ಎಂದು ತಿಳಿದು, ಅಷ್ಟು ಕೂಲಿಗೆ ಆ ಕೆಲಸ ಮಾಡುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

"ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆಯಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ನಿಮಗೆ ನಿಜವಾಗಿ ಸಿಗುತ್ತಿದ್ದು, ನಿಮ್ಮ ತೆರಿಗೆ ಶೇ 30 ಆಗಿದ್ದರೆ, ಶೇ 8.5ರ ಸಾಲ ನಿಮಗೆ ಬೀಳುವುದು ಶೇ 5.95ಕ್ಕೆ. ಹಾಗೆಂದು ಶೇ 7.5ರ ಠೇವಣಿಯತ್ತ ಓಡಬೇಡಿ. ಅದರ ಮೇಲೂ ಅದೇ ಶೇ 30 ತೆರಿಗೆ ಬಿದ್ದರೆ ಕೈಗೆ ಬರುವುದು ಶೇ 5.25. ಇನ್ನು ರಿಯಾಯಿತಿಗೆ ವಾರ್ಷಿಕ ಮಿತಿ ಇದ್ದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಸಾಲದ ಮೊದಲ ವರ್ಷದ ಬಡ್ಡಿ 4 ಲಕ್ಷಕ್ಕೂ ಹೆಚ್ಚು. ಮಿತಿ ಅದರ ಅರ್ಧದಷ್ಟೇ ಇದ್ದರೆ, ನೀವು ಹೆಚ್ಚುವರಿಯಾಗಿ ಕಟ್ಟಿದ ಹಣ ಮೊದಲು ಕರಗಿಸುವುದು ರಿಯಾಯಿತಿಯೇ ಇಲ್ಲದ ಮೇಲಿನ ಭಾಗವನ್ನು, ಆದ್ದರಿಂದ ನೀವು ಕಳೆದುಕೊಳ್ಳುವ ರಿಯಾಯಿತಿ ಸೊನ್ನೆ. ರಿಯಾಯಿತಿ ಉಳಿಸಿಕೊಳ್ಳಲೆಂದೇ ಸಾಲ ಇಟ್ಟುಕೊಂಡಿದ್ದೇನೆ ಎನ್ನುವವರು 100 ಬಡ್ಡಿ ಕಟ್ಟಿ 30 ತೆರಿಗೆ ಉಳಿಸಿಕೊಂಡ ಸಂಭ್ರಮದಲ್ಲಿದ್ದಾರೆ. ಅವರಿಗೆ ಶುಭವಾಗಲಿ.

ದರದ ಈ ಮಾತಿಗೆ ನಾನು ಒಪ್ಪುವ ಮಿತಿ ಒಂದೇ. ಅಸಲಿಗೆ ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ. ಕೆಲಸ ಹೋದ ತಿಂಗಳಲ್ಲಿ "ಕಳೆದ ವರ್ಷ 3 ಲಕ್ಷ ಹೆಚ್ಚುವರಿಯಾಗಿ ಕಟ್ಟಿದ್ದೆ, ಈ ಕಂತನ್ನು ಅದರಲ್ಲಿ ಹಿಡಿದುಕೊಳ್ಳಿ" ಎಂದರೆ ಬ್ಯಾಂಕು ಕೇಳುವುದಿಲ್ಲ, ಕಂತು ತಪ್ಪಿತೆಂದೇ ಬರೆದುಕೊಳ್ಳುತ್ತದೆ. ಕೆಲವು ತಿಂಗಳ ಕಂತು ಮತ್ತು ಮನೆಖರ್ಚಿನಷ್ಟು ಹಣ ಬೇಕೆಂದಾಗ ಸಿಗುವಂತೆ ಪಕ್ಕಕ್ಕಿಟ್ಟ ಮೇಲೆಯೇ ಈ ಇಡೀ ಚರ್ಚೆ ಶುರುವಾಗಬೇಕು. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಚರ್ಚೆಯೇ ಬೇಡ, ಅದರ ದರ ಗೃಹಸಾಲಕ್ಕಿಂತ ಎಷ್ಟೋ ಮೇಲಿರುವುದರಿಂದ ಅದನ್ನೇ ಮೊದಲು ತೀರಿಸಿ. ಓವರ್‌ಡ್ರಾಫ್ಟ್ ಖಾತೆ ಜೋಡಿಸಿದ ಗೃಹಸಾಲದಲ್ಲಿ ಹಣ ಇಟ್ಟಷ್ಟು ಕಾಲ ಬಡ್ಡಿಯೂ ಉಳಿಯುತ್ತದೆ, ಬೇಕಾದಾಗ ಹಣವೂ ಸಿಗುತ್ತದೆ. ಆದರೆ ಅದರ ದರ ಸಾಮಾನ್ಯ ಸಾಲಕ್ಕಿಂತ ತುಸು ಹೆಚ್ಚಿರುವುದುಂಟು, ಮತ್ತು ಆ ಹೆಚ್ಚಿನ ದರ ನೀವು ಇಟ್ಟ ಹಣಕ್ಕಲ್ಲ, ಉಳಿದ ಅಷ್ಟೂ ಬಾಕಿಗೆ ಬೀಳುತ್ತದೆ. ಇಲ್ಲಿಯೂ ದರವೇ!

"ಸಾಲವಿಲ್ಲದ ನೆಮ್ಮದಿಗೆ ಬೆಲೆ ಕಟ್ಟಲಾಗದು" ಎಂದು ಬರೆಯುವವರಿಗೆ ನನ್ನ ಉತ್ತರ: ಕಟ್ಟಬಹುದು. ಮೇಲಿನ ಶೇ 11ರ ಲೆಕ್ಕದಲ್ಲಿ ಅದರ ಬೆಲೆ 17 ಲಕ್ಷಕ್ಕೂ ಸ್ವಲ್ಪ ಹೆಚ್ಚು, ಶೇ 6ರ ಲೆಕ್ಕದಲ್ಲಿ ನೆಮ್ಮದಿಯ ಜೊತೆಗೆ ನಿಮಗೇ ಸುಮಾರು 11 ಲಕ್ಷ ಸಿಗುತ್ತದೆ. ದರ ತಿಳಿಯದೆ ನೆಮ್ಮದಿಯ ಮಾತಾಡಬೇಡಿ. ದರ ತಿಳಿಯದೆ ಚಕ್ರಬಡ್ಡಿಯ ಪವಾಡದ ಮಾತನ್ನಂತೂ ಆಡಲೇಬೇಡಿ, ಏಕೆಂದರೆ ಸಾಲದಲ್ಲಿಯೂ ಅದೇ ಚಕ್ರಬಡ್ಡಿ ನಿಮ್ಮ ಪರವಾಗಿ ದುಡಿಯುತ್ತದೆ ಎಂಬುದನ್ನು ಈಗಷ್ಟೇ 62.7 ಮತ್ತು 62.7 ಎಂದು ತೋರಿಸಿದ್ದೇನೆ. ದರ, ದರ, ದರ! ಇನ್ನೆಷ್ಟು ಸಲ ಹೇಳಬೇಕು?

ಬದಲಾಗುವ ದರದ ಸಾಲದಲ್ಲಿ ಬಡ್ಡಿ ಏರಿದಾಗ, ಕಂತನ್ನು ಮುಟ್ಟದೆ ಅವಧಿಯನ್ನು ಸದ್ದಿಲ್ಲದೆ ಬೆಳೆಸುವ ಪರಿಪಾಠದ ಬಗ್ಗೆ ಮುಂದಿನ ಸಂಚಿಕೆ ಬರಲಿದೆ. ಗಂಟೆಯ ಗುರುತು ಒತ್ತಿಟ್ಟುಕೊಂಡರೆ ತಪ್ಪದೆ ತಿಳಿಯುತ್ತದೆ. ಈ ಸಂಚಿಕೆಯ ಕೆಳಗೆ ಜಗಳಕ್ಕೆ ಬರುವವರು ದಯವಿಟ್ಟು ನಿಮ್ಮ ಸಾಲದ ಇಂದಿನ ದರ, ನಿಮಗೆ ನಿಜವಾಗಿ ಸಿಗುತ್ತಿರುವ ತೆರಿಗೆ ರಿಯಾಯಿತಿ, ನಿಮ್ಮ ಹೂಡಿಕೆ ತೆರಿಗೆ ಕಳೆದು ಕೊಟ್ಟ ದರ, ಈ ಮೂರನ್ನೂ ಮೊದಲ ಸಾಲಿನಲ್ಲಿಯೇ ಬರೆಯಿರಿ. ಇವಿಲ್ಲದ ಪ್ರತಿಕ್ರಿಯೆಗೆ, ಅದಕ್ಕೆ ಎಷ್ಟೇ ಮೆಚ್ಚುಗೆ ಬಿದ್ದಿರಲಿ, ನಾನು ಉತ್ತರಿಸುವುದಿಲ್ಲ.