ಹತ್ತಕ್ಕೊಂದು ಗೆಣ್ಣು

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರದ್ದು ಕಿರಾಣಿ ಅಂಗಡಿ. ತಿಂಗಳ ಮೊದಲ ವಾರ ಮನೆಮನೆಯ ಸಾಮಾನಿನ ಚೀಟಿ ಬರುತ್ತಿತ್ತು. ಅವರು ಒಂದೊಂದು ಸಾಮಾನು ಕಟ್ಟಿ, ಅದರ ಮುಂದೆ ಪೆನ್ಸಿಲಿನಲ್ಲಿ ಬೆಲೆ ಬರೆಯುತ್ತಿದ್ದರು. ಕೊನೆಗೆ ಚೀಟಿಯನ್ನು ಎಡಗೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಒಂದು ಸಲ ಕಣ್ಣು ಹಾಯಿಸುತ್ತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ಬಲಗೈಯ ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಆ ಹೆಬ್ಬೆರಳು ಏನು ಎಣಿಸುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅದನ್ನೇ ಇವತ್ತು ನಿಮಗೆ ಹೇಳುತ್ತೇನೆ.

ಹಲಗೆಯ ಮೇಲೆ ಒಂದು ಚೀಟಿ ಬರೆದಿದ್ದೇನೆ. ಹನ್ನೆರಡು ಸಾಮಾನು, ಹನ್ನೆರಡು ಬೆಲೆ. ನೋಡಿಕೊಳ್ಳಿ:

48, 37, 65, 22, 93, 15, 74, 56, 81, 39, 27, 64.

ನಮ್ಮಲ್ಲಿ ಹೆಚ್ಚಿನವರು ಇದನ್ನು ಹೇಗೆ ಕೂಡುತ್ತೇವೆ? ಬಿಡಿ ಸ್ಥಾನದಿಂದ ಶುರು. ಎಂಟು, ಎಂಟೂ ಏಳೂ ಹದಿನೈದು, ಹದಿನೈದೂ ಐದೂ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು, ಮೂವತ್ತು, ಮೂವತ್ನಾಲ್ಕು, ನಲವತ್ತು... ಹೀಗೆ ಹೋಗುತ್ತದೆ. ತಪ್ಪೇನಿಲ್ಲ. ಆದರೆ ಪ್ರತಿ ಹೆಜ್ಜೆಗೂ ಎರಡಂಕಿಯ ಒಂದು ಮೊತ್ತವನ್ನು ಹೊತ್ತುಕೊಂಡೇ ಮುಂದಿನ ಅಂಕಿಯನ್ನು ನೋಡಬೇಕು. ಆಗ ಯಾರಾದರೂ ಬಂದು 'ಬೆಲ್ಲ ಎಷ್ಟು?' ಅಂತ ಕೇಳಿದರೆ ಆ ಮೊತ್ತ ಜಾರಿ ಹೋಗುತ್ತದೆ. ಮತ್ತೆ ಮೊದಲಿನಿಂದ.

ಈಗ ಅದೇ ಬಿಡಿ ಅಂಕಿಗಳನ್ನು ಮಾತ್ರ ನೋಡಿ: 8, 7, 5, 2, 3, 5, 4, 6, 1, 9, 7, 4.

ಎಂಟೂ ಏಳೂ ಹದಿನೈದು. ಹತ್ತು ಆಯಿತಲ್ಲ, ಅದನ್ನು ಕೈಗೆ ಕೊಟ್ಟುಬಿಡಿ. ಹೆಬ್ಬೆರಳು ಮೊದಲ ಗೆಣ್ಣಿನ ಮೇಲೆ. ತಲೆಯಲ್ಲಿ ಉಳಿದದ್ದು ಬರೀ ಐದು. ಮುಂದಿನದೂ ಐದು. ಹತ್ತು, ಎರಡನೇ ಗೆಣ್ಣು. ತಲೆ ಖಾಲಿ. ಆಮೇಲೆ ಎರಡು, ಮೂರು, ಐದು ಅಕ್ಕಪಕ್ಕದಲ್ಲೇ ಇವೆ. ಮೂರೂ ಸೇರಿ ಹತ್ತು, ಮೂರನೇ ಗೆಣ್ಣು. ನಾಲ್ಕು, ಆರು: ನಾಲ್ಕನೇ ಗೆಣ್ಣು. ಒಂದು, ಒಂಬತ್ತು: ಐದನೇ ಗೆಣ್ಣು. ಏಳೂ ನಾಲ್ಕೂ ಹನ್ನೊಂದು: ಆರನೇ ಗೆಣ್ಣು, ಉಳಿದದ್ದು ಒಂದು. ಒಟ್ಟು ಅರವತ್ತೊಂದು. ಒಂದು ಬರೆದು ಆರು ಕೈಯಲ್ಲಿ. 'ಕೈಯಲ್ಲಿ' ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಆ ಆರು ಆಗಲೇ ನಿಮ್ಮ ಗೆಣ್ಣಿನ ಮೇಲಿದೆ.

ಇದು ಯಾಕೆ ಹಗುರ ಅನಿಸುತ್ತದೆ? ನಮ್ಮ ಅಂಕಿಗಳು ಹತ್ತರ ಲೆಕ್ಕದವು. ಯಾವ ಸಂಖ್ಯೆಗೆ ಹತ್ತು ಸೇರಿಸಿದರೂ ಅದರ ಬಿಡಿ ಅಂಕಿ ಅಲ್ಲಾಡುವುದಿಲ್ಲ. ಹಾಗಾಗಿ ಹತ್ತು ಬಂದ ಕೂಡಲೇ ಅದನ್ನು ತಲೆಯಿಂದ ಇಳಿಸಿಬಿಡಬಹುದು. ಪಟ್ಟಿ ಎಷ್ಟೇ ಉದ್ದ ಇರಲಿ, ತಲೆಯಲ್ಲಿ ಉಳಿಯುವುದು ಒಂಬತ್ತನ್ನು ಮೀರದ ಒಂದು ಅಂಕಿ ಮಾತ್ರ. ಬೆರಳಿಗೆ ಮೂರರಂತೆ ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಅಂದರೆ ಒಂದು ಕೈ ನೂರಿಪ್ಪತ್ತರ ತನಕ ಹಿಡಿದುಕೊಳ್ಳುತ್ತದೆ. ಮಧ್ಯದಲ್ಲಿ ಯಾರೋ ಮಾತಾಡಿಸಿದರೂ ಹೆಬ್ಬೆರಳು ಇದ್ದಲ್ಲೇ ಇರುತ್ತದೆ, ಅಲ್ವಾ?

ಈಗ ಹತ್ತರ ಸ್ಥಾನ. 4, 3, 6, 2, 9, 1, 7, 5, 8, 3, 2, 6. ಹೆಬ್ಬೆರಳನ್ನು ಎತ್ತಿ, ಕೈಯಲ್ಲಿದ್ದ ಆರನ್ನು ತಲೆಗೆ ತೆಗೆದುಕೊಳ್ಳಿ. ಆರೂ ನಾಲ್ಕೂ ಹತ್ತು, ಒಂದು ಗೆಣ್ಣು. ಮೂರು, ಆರು, ಎರಡು ಸೇರಿ ಹನ್ನೊಂದು: ಎರಡನೇ ಗೆಣ್ಣು, ಉಳಿದದ್ದು ಒಂದು. ಆ ಒಂದಕ್ಕೆ ಮುಂದಿನ ಒಂಬತ್ತು: ಮೂರನೇ ಗೆಣ್ಣು. ಒಂದು, ಏಳು, ಐದು ಸೇರಿ ಹದಿಮೂರು: ನಾಲ್ಕನೆಯದು, ಉಳಿದದ್ದು ಮೂರು. ಮೂರೂ ಎಂಟೂ ಹನ್ನೊಂದು: ಐದನೆಯದು, ಉಳಿದದ್ದು ಒಂದು. ಒಂದು, ಮೂರು, ಎರಡು, ಆರು ಸೇರಿ ಹನ್ನೆರಡು: ಆರನೆಯದು, ಉಳಿದದ್ದು ಎರಡು. ಅರವತ್ತೆರಡು. ಮೊದಲೇ ಬರೆದಿಟ್ಟ ಒಂದರ ಎಡಕ್ಕೆ ಅದನ್ನಿಟ್ಟರೆ 621. ಇಷ್ಟೇ ಚೀಟಿಯ ಮೊತ್ತ.

ಒಂದು ವಿಷಯ ಗಮನಿಸಿದಿರಾ? ಹತ್ತರ ಸ್ಥಾನದಲ್ಲಿ ಮೂರಕ್ಕೆ ಏಳು ಬೇಕು ಅಂತ ನಾನು ಕೆಳಗೆಲ್ಲ ಹುಡುಕಲಿಲ್ಲ. ಏಳು ಇತ್ತು, ಐದು ಸಾಲು ಕೆಳಗೆ. ಬೇಕೆಂದೇ ಬಿಟ್ಟೆ. ಈ ವಿಧಾನ ಕಲಿಯುವವರು ಎಡವುವುದು ಇಲ್ಲೇ. ಹತ್ತರ ಜೋಡಿಗಳು ಐದೇ ಐದು: 1-9, 2-8, 3-7, 4-6, 5-5. ಇವು ಬಾಯಿಪಾಠ ಆದ ಮೇಲೆ ಎಲ್ಲೆಲ್ಲಿ ಜೋಡಿ ಇದೆ ಅಂತ ಇಡೀ ಪಟ್ಟಿಯ ಮೇಲೆ ಕಣ್ಣು ಓಡತೊಡಗುತ್ತದೆ. ಮೇಲಿನ ಎಂಟಕ್ಕೆ ಕೆಳಗಿನ ಎರಡು, ನಡುವಿನ ಏಳಕ್ಕೆ ಕೊನೆಯ ಮೂರು. ಆಟ ಚೆನ್ನಾಗಿರುತ್ತದೆ. ಆದರೆ ಯಾವುದನ್ನು ತೆಗೆದುಕೊಂಡೆವು, ಯಾವುದನ್ನು ಬಿಟ್ಟೆವು ಅನ್ನುವುದೇ ಮರೆತುಹೋಗುತ್ತದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಹೀಗೆ ಜೋಡಿ ಹುಡುಕುತ್ತಾ ಒಂದು ಚೀಟಿಯಲ್ಲಿ ಒಂದೇ ಏಳನ್ನು ಎರಡು ಸಲ ಕೂಡಿದ್ದೆ. ಮನೆಗೆ ಹೋಗಿ ನೋಡಿಕೊಂಡ ಅಜ್ಜಿಯೊಬ್ಬರು ಏಳು ರೂಪಾಯಿ ವಾಪಸ್ ಕೇಳಲು ಬಿಸಿಲಲ್ಲಿ ನಡೆದು ಬಂದಿದ್ದರು. ಅದು ನನಗೆ ಈಗಲೂ ನೆನಪಿದೆ.

ಅದಕ್ಕೆ ನಾನು ಪಾಲಿಸುವ ನಿಯಮ ಇದು. ಮುಂದಿನ ಮೂರು ಅಂಕಿಗಳ ತನಕ ಮಾತ್ರ ಕಣ್ಣು ಹೋಗಲಿ. ಅಷ್ಟರಲ್ಲಿ ಹತ್ತು ಕಂಡರೆ ತೆಗೆದುಕೊಳ್ಳಿ. ಕಾಣದಿದ್ದರೆ ಸುಮ್ನೆ ಕೂಡಿ, ಹತ್ತನ್ನು ಗೆಣ್ಣಿಗೆ ಕೊಟ್ಟು, ಉಳಿದದ್ದನ್ನು ಇಟ್ಟುಕೊಂಡು ಮುಂದಕ್ಕೆ ಹೋಗಿ. ಎರಡರ ಜೋಡಿಗಿಂತ ಮೂರರ ಗುಂಪು ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ. 2-3-5, 1-3-6, 1-2-7, 1-4-5, 2-4-4, 3-3-4, 2-2-6, 1-1-8. ಸೊನ್ನೆ ಬಿಟ್ಟರೆ ಇಂಥ ಗುಂಪು ಎಂಟೇ. ಯಾವ ಕ್ರಮದಲ್ಲಿ ಬಂದರೂ ಗುರುತು ಸಿಗುವಷ್ಟು ಇವು ಪರಿಚಯ ಆಗಬೇಕು. ಐದು, ಎರಡು, ಮೂರು ಅಂತ ಓದುವಾಗ ಮೂರು ಅಂಕಿ ಕಾಣಬಾರದು, ಹತ್ತು ಕಾಣಬೇಕು. ಅಕ್ಷರ ಕಲಿತವರಿಗೆ 'ಮರ' ಅನ್ನುವುದು 'ಮ', 'ರ' ಅಂತ ಬಿಡಿಯಾಗಿ ಕಾಣುವುದಿಲ್ಲವಲ್ಲ, ಹಾಗೆ.

ಪಟ್ಟಿ ತುಂಬ ಉದ್ದ ಇದ್ದು ಪೆನ್ಸಿಲ್ ಕೈಯಲ್ಲಿದ್ದರೆ, ಗೆಣ್ಣಿನ ಬದಲು ಹತ್ತು ತುಂಬಿದ ಅಂಕಿಯ ಪಕ್ಕ ಒಂದು ಚುಕ್ಕೆ ಇಡಿ. ಕೊನೆಗೆ ಚುಕ್ಕೆ ಎಣಿಸಿದರೆ ಆಯಿತು. ಎಲ್ಲಿ ನಿಂತಿದ್ದೆವು ಅನ್ನುವುದಕ್ಕೂ ಆ ಚುಕ್ಕೆಯೇ ಗುರುತು.

ಈ ವಿಧಾನ ಸೋಲುವ ಪಟ್ಟಿಗಳೂ ಇವೆ. ಎಲ್ಲವೂ ದೊಡ್ಡ ಅಂಕಿಗಳೇ ಆದರೆ ಜೋಡಿ ಸಿಗುವುದೇ ಇಲ್ಲ. 9, 8, 8, 7, 9, 6, 8, 9, 7. ಇದರಲ್ಲಿ ಒಂದಾದರೂ ಹತ್ತರ ಜೋಡಿ ತೋರಿಸಿ ನೋಡೋಣ. ಇಲ್ಲ. ಆಗ ಹತ್ತನ್ನು ಇನ್ನೊಂದು ಕಡೆಯಿಂದ ಹಿಡಿಯಬೇಕು. ಒಂಬತ್ತು ಅಂಕಿಗಳಿವೆ. ಎಲ್ಲವೂ ಹತ್ತೇ ಆಗಿದ್ದರೆ ತೊಂಬತ್ತು. ಒಂದೊಂದಕ್ಕೂ ಎಷ್ಟು ಕಡಿಮೆ? ಒಂದು, ಎರಡು, ಎರಡು, ಮೂರು, ಒಂದು, ನಾಲ್ಕು, ಎರಡು, ಒಂದು, ಮೂರು. ಈ ಕೊರತೆ ಕೂಡಿದರೆ ಹತ್ತೊಂಬತ್ತು. ತೊಂಬತ್ತರಲ್ಲಿ ಹತ್ತೊಂಬತ್ತು ಹೋದರೆ ಎಪ್ಪತ್ತೊಂದು. ಈಗಿನ ಅಂಗಡಿಗಳಲ್ಲಿ ಬೆಲೆಗಳೇ ಹೀಗಿರುತ್ತವೆ. 99, 49, 198, 79, 149. ಇಲ್ಲಿ ಬಿಡಿ ಸ್ಥಾನ, ಹತ್ತರ ಸ್ಥಾನ ಅಂತ ಹೋಗುವುದೇ ಬೇಡ. ನೂರು, ಐವತ್ತು, ಇನ್ನೂರು, ಎಂಬತ್ತು, ನೂರೈವತ್ತು: 580. ಹೆಚ್ಚು ಹಿಡಿದದ್ದು ಆರು. 574.

ಯಾರಾದರೂ ಅಂಕಿಗಳನ್ನು ಓದಿ ಹೇಳುತ್ತಿದ್ದರೂ ಗುಂಪು ಮಾಡಲು ಆಗುವುದಿಲ್ಲ. ಮುಂದಿನದು ಕಾಣುವುದೇ ಇಲ್ಲವಲ್ಲ. ಆಗ ಗೆಣ್ಣು ಮಾತ್ರ ಗತಿ.

ಇನ್ನು ತಪ್ಪಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೇಗ ಕೂಡುವವರಿಗೇ ಇದು ಹೆಚ್ಚು ಬೇಕು.

ಎರಡನೇ ಸಲ ಕೂಡುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ. ಅದೇ ದಾರಿಯಲ್ಲಿ ಹೋದರೆ ಅದೇ ತಪ್ಪು ಮತ್ತೆ ಆಗುತ್ತದೆ. ಹದಿನೈದರ ಜಾಗದಲ್ಲಿ ಹದಿನಾಲ್ಕು ಅಂತ ಒಮ್ಮೆ ಅಂದ ನಾಲಿಗೆ ಮತ್ತೆ ಹಾಗೇ ಅನ್ನುತ್ತದೆ. ನಮ್ಮ ಚೀಟಿಯ ಬಿಡಿ ಸ್ಥಾನವನ್ನು ಕೆಳಗಿನಿಂದ ಹಿಡಿದರೆ ಗುಂಪುಗಳೇ ಬೇರೆ. ನಾಲ್ಕೂ ಏಳೂ ಹನ್ನೊಂದು, ಉಳಿದ ಒಂದಕ್ಕೆ ಒಂಬತ್ತು ಸೇರಿ ಹತ್ತು, ಆಮೇಲೆ ಒಂದು, ಆರು, ನಾಲ್ಕು ಸೇರಿ ಹನ್ನೊಂದು. ಹೀಗೆ ಬೇರೆ ದಾರಿಯಲ್ಲಿ ಹೋಗಿಯೂ ಅರವತ್ತೊಂದೇ ಬಂದರೆ ನಂಬಬಹುದು.

ಎರಡು ಸಲವೂ ಬೇರೆ ಬೇರೆ ಬಂದರೆ? ಎಲ್ಲವನ್ನೂ ಮತ್ತೆ ಕೂಡುವ ಮೊದಲು ಎರಡರ ವ್ಯತ್ಯಾಸ ನೋಡಿ. ಸರಿಯಾಗಿ ಹತ್ತು ಇದ್ದರೆ ಒಂದು ಗೆಣ್ಣು ತಪ್ಪಿರುವ ಸಾಧ್ಯತೆ ಜಾಸ್ತಿ. ವ್ಯತ್ಯಾಸ 27 ಬಂತು, ಚೀಟಿಯಲ್ಲಿ 27 ಅನ್ನುವ ಬೆಲೆಯೂ ಇದೆ ಅಂದರೆ ಆ ಸಾಲನ್ನೇ ಬಿಟ್ಟಿರಬಹುದು, ಇಲ್ಲವೇ ಎರಡು ಸಲ ಹಿಡಿದಿರಬಹುದು.

ವ್ಯತ್ಯಾಸ ಚೀಟಿಯಲ್ಲಿರುವ ಯಾವ ಬೆಲೆಯೂ ಅಲ್ಲ, ಆದರೆ ಒಂಬತ್ತರಿಂದ ಭಾಗವಾಗುತ್ತದೆ ಅನ್ನಿ. ಆಗ ಯಾವುದೋ ಸಂಖ್ಯೆಯ ಅಂಕಿಗಳು ಹಿಂದೆಮುಂದೆ ಆಗಿವೆಯೇ ಅಂತ ಮೊದಲು ನೋಡಿ. ನಮ್ಮ ಚೀಟಿಯನ್ನೇ ತೆಗೆದುಕೊಳ್ಳಿ. ಒಂದು ಸಲ 621 ಬಂತು, ಇನ್ನೊಂದು ಸಲ 675. ವ್ಯತ್ಯಾಸ 54. ಒಂಬತ್ತರಿಂದ ಭಾಗಿಸಿದರೆ ಆರು. ಎರಡು ಅಂಕಿಗಳ ನಡುವೆ ಆರರ ಅಂತರ ಇರುವ ಬೆಲೆ ಯಾವುದು? 93 ಮತ್ತು 39, ಬೇರೆ ಯಾವುದೂ ಇಲ್ಲ. ಮೊತ್ತ ಹೆಚ್ಚು ಬಂದಿದೆ, ಅಂದರೆ ಚಿಕ್ಕದನ್ನು ದೊಡ್ಡದಾಗಿ ಓದಿದ್ದೇವೆ. ಹಾಗಾದರೆ 39 ಅನ್ನು 93 ಅಂತ ಹಿಡಿದಿದ್ದೇವೆ. ಹತ್ತನೇ ಸಾಲಿಗೆ ನೇರವಾಗಿ ಹೋಗಿ ನೋಡಿದರೆ ಸಾಕು.

ಈಗ ನಿಮ್ಮ ಕುರ್ಚಿಯ ಮೇಲಿಟ್ಟಿದ್ದ ಚೀಟಿ ತೆಗೆಯಿರಿ. ಇಪ್ಪತ್ತು ಸಾಲುಗಳಿವೆ. ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ತನ್ನಿ. ಮೇಲಿಂದ ಒಂದು ಸಲ, ಕೆಳಗಿನಿಂದ ಒಂದು ಸಲ. ಎರಡು ಸಲವೂ ಒಂದೇ ಮೊತ್ತ ಬಂದವರು ಮಾತ್ರ ಕೈ ಎತ್ತಿ.