ರಜೆಗೆ ಹೊರಡುವ ಮುಂಚೆ ಬರೆದಿಡುವ ಉತ್ತರ

ಕೇಳುಗರಿಗೆ ನಮಸ್ಕಾರ.

ರಜೆಗೆ ಹೊರಡುವ ಹಿಂದಿನ ಸಂಜೆ, ಕಂಪ್ಯೂಟರ್ ಮುಚ್ಚುವ ಮುಂಚೆ, ಅವಸರದಲ್ಲಿ ಮಾಡುವ ಕೆಲಸವೊಂದಿದೆ. ಬಂದ ಇಮೇಲ್‌ಗೆ ತಾನಾಗಿ ಹೋಗುವ ಔಟ್ ಆಫ್ ಆಫೀಸ್ ಉತ್ತರ ಹಾಕುವುದು. ಬಹಳ ಜನ ಎರಡು ಸಾಲಿನಲ್ಲಿ ಮುಗಿಸುತ್ತಾರೆ. "ನಾನು ರಜೆಯಲ್ಲಿದ್ದೇನೆ. ಬಂದ ಮೇಲೆ ಉತ್ತರಿಸುತ್ತೇನೆ." ಇದನ್ನು ಓದಿದವರಿಗೆ ನೀವಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಅವರ ತಲೆಯಲ್ಲಿ ಏಳುವ ಪ್ರಶ್ನೆಗಳೇ ಬೇರೆ. ಇವರು ಬರುವ ತನಕ ಕಾಯಬಹುದಾ? ಕಾಯಲು ಆಗದಿದ್ದರೆ ಯಾರನ್ನು ಕೇಳಬೇಕು? ಇವತ್ತು ಈ ಎರಡರ ಬಗ್ಗೆಯೇ ಮಾತಾಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರು ಕಂಪನಿಯೊಂದರಲ್ಲಿ ಸಾಮಾನು ಪೂರೈಸುವವರ ಬಿಲ್ ನೋಡಿಕೊಳ್ಳುತ್ತಾರೆ. 2026ರ ಜೂನ್ 22, ಸೋಮವಾರದಿಂದ ಜುಲೈ 3, ಶುಕ್ರವಾರದವರೆಗೆ ಅವರಿಗೆ ರಜೆ. ಅವರು "ಜುಲೈ 3ರವರೆಗೆ ರಜೆಯಲ್ಲಿರುತ್ತೇನೆ" ಎಂದು ಬರೆದರು ಅನ್ನಿ. ತಪ್ಪೇನೂ ಇಲ್ಲ, ಆದರೆ ಓದುವವರಿಗೆ ಗೊಂದಲ. 3ರಂದು ಇರುತ್ತಾರಾ, ಇಲ್ವಾ? ಇಲ್ಲ ಅಂದರೆ 4ಕ್ಕೆ ಬರುತ್ತಾರಾ? 4 ಶನಿವಾರ, ಅವರ ಆಫೀಸಿಗೆ ಶನಿವಾರ ರಜೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ರಜೆಯ ಕೊನೆಯ ದಿನ ಬರೆಯಬೇಡಿ. ಕೆಲಸಕ್ಕೆ ಬರುವ ಮೊದಲ ದಿನ ಬರೆಯಿರಿ. "ಜುಲೈ 6, ಸೋಮವಾರ ಕೆಲಸಕ್ಕೆ ಮರಳುತ್ತೇನೆ." ಇಷ್ಟು ಸಾಕು. ಓದಿದವರು ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ.

ಇದೇ ದಿನವನ್ನು 6/7 ಎಂದು ಬರೆದರೆ ಇನ್ನೊಂದು ತೊಡಕು. ದಿನ ಮೊದಲು ಬರೆಯುವವರಿಗೆ ಅದು ಜುಲೈ 6. ಅಮೆರಿಕದಲ್ಲಿ ತಿಂಗಳು ಮೊದಲು ಬರೆಯುವುದು ರೂಢಿ, ಅಲ್ಲಿಯವರಿಗೆ ಅದು ಜೂನ್ 7. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಪಕ್ಕದಲ್ಲಿ ವಾರವನ್ನೂ ಹಾಕಿ. ವಾರ ಹಾಕಿದರೆ ನಿಮಗೂ ಒಂದು ಲಾಭವಿದೆ. ಅವಸರದಲ್ಲಿ 6ರ ಬದಲು 7 ಎಂದು ಟೈಪ್ ಆಗಿದ್ದರೆ, ಪಕ್ಕದಲ್ಲಿ ಸೋಮವಾರ ಎಂದಿರುವುದರಿಂದ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. "ಮುಂದಿನ ಸೋಮವಾರ ಸಿಗುತ್ತೇನೆ" ಎಂದಂತೂ ಬರೆಯಲೇಬೇಡಿ. ಈ ಉತ್ತರ ಎರಡು ವಾರ ಹೋಗುತ್ತಲೇ ಇರುತ್ತದೆ. ಓದುವ ದಿನ ಬದಲಾದಂತೆ ಮುಂದಿನ ಸೋಮವಾರವೂ ಬದಲಾಗುತ್ತದೆ ಅಲ್ವಾ?

ಕೆಲಸಕ್ಕೆ ಬರುವುದು ಬೇರೆ, ಉತ್ತರ ಕೊಡುವುದು ಬೇರೆ. ಎರಡು ವಾರದ ಇಮೇಲ್ ಒಂದು ಬೆಳಿಗ್ಗೆಯಲ್ಲಿ ಮುಗಿಯುವುದಿಲ್ಲ. "ಜುಲೈ 8, ಬುಧವಾರದೊಳಗೆ ಉತ್ತರಿಸುತ್ತೇನೆ" ಎಂದು ಸೇರಿಸಿದರೆ ಸೋಮವಾರ ಬೆಳಿಗ್ಗೆಯಿಂದಲೇ ಫೋನ್ ಬರುವುದು ಕಡಿಮೆಯಾಗುತ್ತದೆ. ಆ ಗಡುವು ನಿಮ್ಮಿಂದ ಆಗುವಂಥದ್ದೇ ಇರಲಿ.

ಈಗ ಸೆಟ್ಟಿಂಗ್‌ನಲ್ಲಿ ಜನ ಎಡವುವ ಒಂದು ಜಾಗ. ಜಿಮೇಲ್‌ನಲ್ಲಿ ಇದಕ್ಕೆ Vacation responder ಎಂಬ ಭಾಗವಿದೆ. ಅಲ್ಲಿ Last day ಎಂಬ ಜಾಗದಲ್ಲಿ ಮರಳುವ ದಿನವನ್ನೇ ತುಂಬಿಬಿಡುತ್ತಾರೆ. ಆದರೆ ಅಲ್ಲಿ ಹಾಕಿದ ದಿನ ರಾತ್ರಿ 11:59ರವರೆಗೂ ಉತ್ತರ ಹೋಗುತ್ತದೆ. ಜುಲೈ 6 ಎಂದು ಹಾಕಿದರೆ, ನೀವು ಸೋಮವಾರ ಕೆಲಸದಲ್ಲಿ ಕೂತಿರುವಾಗಲೂ ಜನರಿಗೆ ರಜೆಯ ಉತ್ತರ ತಲುಪುತ್ತಿರುತ್ತದೆ. ಶುಕ್ರವಾರ ಎಂದು ಹಾಕಿದರೆ, ಶನಿವಾರ ಭಾನುವಾರ ಬರೆದವರಿಗೆ ಏನೂ ಸಿಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಆ ಜಾಗಕ್ಕೆ ಸರಿಯಾದ ದಿನ ಜುಲೈ 5, ಭಾನುವಾರ.

ಇನ್ನು ನಮ್ಮ ಬದಲಿಗೆ ಯಾರು ಎಂಬ ಪ್ರಶ್ನೆ. ಕಷ್ಟ ಇರುವುದು ಇಲ್ಲೇ. ಸುಮ್ನೆ ಒಬ್ಬ ಸಹೋದ್ಯೋಗಿಯ ಹೆಸರು ಹಾಕಿ ಹೊರಟುಬಿಟ್ಟರೆ, ಅಪರಿಚಿತರ ಫೋನ್ ಬಂದಾಗಲೇ ಅವರಿಗೆ ವಿಷಯ ಗೊತ್ತಾಗುವುದು. ಮೊದಲು ಅವರನ್ನು ಕೇಳಿ, ಒಪ್ಪಿಸಿ. ಜೊತೆಗೆ ಇನ್ನೆರಡು ವಿಚಾರಿಸಿ. ಈ ದಿನಗಳಲ್ಲಿ ಅವರೂ ರಜೆ ಹಾಕಿಲ್ಲ ತಾನೇ? ಇಬ್ಬರೂ ರಜೆಯಲ್ಲಿದ್ದು, ನಿಮ್ಮ ಉತ್ತರ ಅವರ ಹೆಸರು ಹೇಳಿ, ಅವರ ಉತ್ತರ ನಿಮ್ಮ ಹೆಸರು ಹೇಳಿದರೆ, ಬರೆದವರು ಅತ್ತಿಂದಿತ್ತ ಅಲೆಯಬೇಕಾಗುತ್ತದೆ. ಅವರ ಕೈಯಲ್ಲಿ ಆ ಕೆಲಸ ನಿಜಕ್ಕೂ ಆಗುತ್ತದಾ ಎಂಬುದು ಎರಡನೆಯದು. ಬಿಲ್ ಎಲ್ಲಿಗೆ ಬಂತು ಎಂದು ನೋಡಲು ಸಾಫ್ಟ್‌ವೇರ್‌ನಲ್ಲಿ ಅವರಿಗೆ ಅನುಮತಿ ಇರಬಹುದು, ಹಣ ಬಿಡುಗಡೆ ಮಾಡಲು ಇಲ್ಲದಿರಬಹುದು. ಇದನ್ನು ಹೊರಡುವ ಹಿಂದಿನ ಸಂಜೆ ನೋಡಿದರೆ ತಡವಾಯಿತು. ಅನುಮತಿ ಕೊಡಿಸಲು ಬೇರೆಯವರ ಒಪ್ಪಿಗೆ ಬೇಕಾಗುತ್ತದೆ. ವಾರದ ಮುಂಚೆಯೇ ಕೂತು ನೋಡಿ. ಅನುಮತಿ ಸಿಗದಿದ್ದರೆ ಉತ್ತರದಲ್ಲಿ ಇಬ್ಬರ ಹೆಸರು ಬರಲಿ, ಯಾರು ಯಾವುದಕ್ಕೆ ಎಂದು ಬಿಡಿಸಿ ಹೇಳಿ.

ಇದೆಲ್ಲ ಸೇರಿ ಉತ್ತರ ಹೇಗಿರುತ್ತದೆ, ಓದುತ್ತೇನೆ ಕೇಳಿ. ವಿಷಯದ ಸಾಲಿನಲ್ಲಿ: "ರಜೆಯಲ್ಲಿದ್ದೇನೆ, ಜುಲೈ 6, ಸೋಮವಾರ ಮರಳುತ್ತೇನೆ." ಒಳಗೆ: "ನಮಸ್ಕಾರ. ನಿಮ್ಮ ಇಮೇಲ್ ತಲುಪಿದೆ. ಜುಲೈ 6, ಸೋಮವಾರ ಕೆಲಸಕ್ಕೆ ಮರಳುತ್ತೇನೆ, ಅಲ್ಲಿಯ ತನಕ ಇಮೇಲ್ ನೋಡುವುದಿಲ್ಲ. ಜುಲೈ 8, ಬುಧವಾರದೊಳಗೆ ಉತ್ತರಿಸುತ್ತೇನೆ. ಬಿಲ್ ಎಲ್ಲಿಗೆ ಬಂತು ಎಂದು ತಿಳಿಯಲು ನನ್ನ ಸಹೋದ್ಯೋಗಿಗೆ ಬರೆಯಿರಿ." ಇಲ್ಲಿ ಅವರ ಪೂರ್ತಿ ಹೆಸರು, ಇಮೇಲ್, ಆಫೀಸ್ ಫೋನ್. "ತುರ್ತಾಗಿ ಹಣ ಬಿಡುಗಡೆ ಆಗಬೇಕಿದ್ದರೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರನ್ನು ಸಂಪರ್ಕಿಸಿ. ಬರೆಯುವಾಗ ಬಿಲ್ ನಂಬರ್ ತಿಳಿಸಿ. ನಿಮ್ಮ ಈ ಇಮೇಲ್ ಅವರಿಗೆ ತಾನಾಗಿ ಹೋಗುವುದಿಲ್ಲ."

ಆ ಕೊನೆಯ ಸಾಲನ್ನು ಬಿಡಬೇಡಿ. ಬೇರೆಯವರ ಹೆಸರು ಕಂಡ ತಕ್ಷಣ, ತಮ್ಮ ಇಮೇಲ್ ಅವರಿಗೂ ಹೋಗಿದೆ ಎಂದುಕೊಂಡು ಸುಮ್ಮನೆ ಕಾಯುವವರಿದ್ದಾರೆ. ಮರಳುವ ದಿನವನ್ನು ವಿಷಯದ ಸಾಲಿಗೇ ಹಾಕಿದ್ದಕ್ಕೂ ಕಾರಣವಿದೆ. ಫೋನಿನಲ್ಲಿ ನೋಡುವವರಿಗೆ ಇಮೇಲ್ ತೆರೆಯದೇ ಗೊತ್ತಾಗಲಿ ಅಂತ.

ಎಲ್ಲಿಗೆ ಹೋಗುತ್ತಿದ್ದೀರಿ, ಯಾರ ಜೊತೆ ಎಂಬುದೆಲ್ಲ ಬೇಡ. ಈ ಉತ್ತರ ಗುರುತಿಲ್ಲದವರಿಗೂ ಹೋಗುತ್ತದೆ. ಮನೆ ಖಾಲಿ ಇದೆ ಎಂದು ಅವರಿಗೆ ಯಾಕೆ ಹೇಳಬೇಕು? ಆಫೀಸುಗಳಲ್ಲಿ ಬಳಸುವ ಔಟ್‌ಲುಕ್‌ನಲ್ಲಿ ಸಂಸ್ಥೆಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು, ಹೀಗೆ ಎರಡು ಉತ್ತರ ಬರೆಯಲು ಜಾಗವಿದೆ. ಮೊಬೈಲ್ ನಂಬರ್ ಕೊಡಲೇಬೇಕಿದ್ದರೆ ಒಳಗಿನವರ ಉತ್ತರದಲ್ಲಿ ಮಾತ್ರ ಕೊಡಿ, ಅದೂ ಅದರ ಮಾಲೀಕರನ್ನು ಕೇಳಿ.

ಬರೆದಾದ ಮೇಲೆ ಪರೀಕ್ಷೆ ಮಾಡಿ. ಮೊದಲ ದಿನಾಂಕ ಮುಂದಿದ್ದರೆ ಉತ್ತರ ಈಗಲೇ ಹೋಗುವುದಿಲ್ಲ. ಸ್ವಲ್ಪ ಹೊತ್ತು ಅದನ್ನು ಇವತ್ತಿಗೆ ಬದಲಾಯಿಸಿ, ನಿಮ್ಮದೇ ಇನ್ನೊಂದು ಖಾತೆಯಿಂದ ಒಂದು ಇಮೇಲ್ ಕಳಿಸಿ, ಬಂದ ಉತ್ತರವನ್ನು ಫೋನಿನಲ್ಲಿ ಓದಿ. ಬದಲಿ ವ್ಯಕ್ತಿಯ ಇಮೇಲ್ ವಿಳಾಸದ ಮೇಲೆ ಒತ್ತಿ ಒಂದು ಇಮೇಲ್ ಕಳಿಸಿ, ಅವರಿಗೆ ತಲುಪಿದರೆ ವಿಳಾಸ ಸರಿಯಿದೆ ಎಂದು ಗೊತ್ತಾಗುತ್ತದೆ. ಆಮೇಲೆ ದಿನಾಂಕ ಮೊದಲಿನಂತೆ ಮಾಡುವುದನ್ನು ಮರೆಯಬೇಡಿ.

ರಜೆಯ ನಡುವೆ ಮರಳುವ ದಿನ ಮುಂದಕ್ಕೆ ಹೋಯಿತು ಅನ್ನಿ. ಆಗ ದಿನಾಂಕ ಬದಲಾಗಬೇಕಾದ ಜಾಗ ಮೂರು. ವಿಷಯದ ಸಾಲು, ಒಳಗಿನ ಮಾತು, Last day ಜಾಗ. ಜಿಮೇಲ್ ಸಾಮಾನ್ಯವಾಗಿ ಒಬ್ಬರಿಗೆ ಒಂದು ಸಲ ಉತ್ತರ ಕಳಿಸುತ್ತದೆ, ಅವರು 4 ದಿನದ ನಂತರ ಮತ್ತೆ ಬರೆದರೆ ಮತ್ತೊಮ್ಮೆ. ಆದರೆ ನೀವು ಉತ್ತರ ತಿದ್ದಿದ ಮೇಲೆ ಅವರು ಬರೆದರೆ ಹೊಸ ಉತ್ತರ ಸಿಗುತ್ತದೆ. ಮತ್ತೆ ಬರೆಯದವರ ಕೈಯಲ್ಲಿ ಮಾತ್ರ ಹಳೆಯ ದಿನಾಂಕವೇ ಉಳಿದಿರುತ್ತದೆ. ಅಂಥವರಲ್ಲಿ ಜುಲೈ 6ಕ್ಕೇ ಕಾಯುತ್ತಿರುವವರು ಯಾರು ಎಂದು ನಿಮ್ಮ ಬದಲಿಗೆ ಕೂತಿರುವವರಿಗೆ ಗೊತ್ತಿರುತ್ತದೆ. ಅವರಿಗೊಂದು ಫೋನ್ ಮಾಡಿ ಹೊಸ ದಿನ ಹೇಳಿ, ಆ ನಾಲ್ಕಾರು ಜನರಿಗೆ ತಿಳಿಸಲು ಕೇಳಿಕೊಳ್ಳಿ.

ನಮಸ್ಕಾರ.