‘ನೋಡೋಣ ಅಕ್ಕ’ ಅಂದ್ರೆ ಬೇಡ ಅಂತಲೇ

ಈ ಬೇಕರಿ ಮುಂದೆ ಕಲ್ಲಿನ ಬೆಂಚು ಕಾಣ್ತಿದೆಯಲ್ಲ, ಹೋದ ವರ್ಷ ಅಲ್ಲೇ ಕೂತು ನಾನು ಒಬ್ಬ ಜೂನಿಯರ್‌ನ ಕಾಫಿಗೆ ಕರೆದಿದ್ದು. ಆಗ ನಾನು ಐದನೇ ಸೆಮ್, ಅವನು ಮೂರನೇ ಸೆಮ್. ಅವನ ಹೆಸರು ಹೇಳಲ್ಲ. ಈ ಕಥೆ ಹೇಳ್ಲಾ ಅಂತ ಅವನನ್ನ ಕೇಳಿ, ಹೇಳಿ ಅಂದ ಮೇಲೇ ರೆಕಾರ್ಡ್ ಮಾಡ್ತಿದೀನಿ.

ನಮ್ಮ ನಾಟಕ ತಂಡದಲ್ಲಿ ಡೊಳ್ಳು ಬಾರಿಸ್ತಿದ್ದ. ಅವನು ಡೊಳ್ಳು ಹೆಗಲಿಗೆ ಏರಿಸಿದ್ರೆ ಸಾಕು, ನನ್ನ ಕಣ್ಣು ಆ ಕಡೆಗೇ ಹೋಗ್ತಿತ್ತು. ಒಂದಿನ ಹೇಳಿದೆ: ‘ನಿನ್ನ ಡೊಳ್ಳು ಕೇಳೋಕೇ ನಾನು ಹತ್ತು ನಿಮಿಷ ಮುಂಚೆ ಬರ್ತೀನಿ ಗೊತ್ತಾ?’ ಎಲ್ಲರ ಎದುರಿಗೇ ಹೇಳಿಬಿಟ್ಟೆ. ತಂಡದವರೆಲ್ಲ ‘ಓಹೋ’ ಅಂದ್ರು. ಅವನು ‘ಥ್ಯಾಂಕ್ಸ್ ಅಕ್ಕ’ ಅಂದು ತಲೆ ಬಗ್ಗಿಸಿ ಡೊಳ್ಳಿನ ಹಗ್ಗ ಬಿಗಿ ಮಾಡ್ತಾ ಕೂತ.

ನಾಚಿಕೆ ಇರಬೇಕು ಅಂದ್ಕೊಂಡೆ. ಅದು ನಾಚಿಕೆ ಆಗಿರಲಿಲ್ಲ. ಮೊದಲನೇ ವರ್ಷ ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು ಅವನ ಕೈಗೆ ಒಂದು ಹೂವು ಕೊಟ್ಟು, ಕ್ಯಾಂಟೀನ್‌ನಲ್ಲಿ ಗುರುತಿಲ್ಲದ ಸೀನಿಯರ್ ಹುಡುಗಿಗೆ ಪ್ರಪೋಸ್ ಮಾಡಿಸಿದ್ರಂತೆ. 2009ರ ಯುಜಿಸಿ ನಿಯಮದ ಪ್ರಕಾರ ಅದು ರ‍್ಯಾಗಿಂಗ್, ತಮಾಷೆ ಅಲ್ಲ. ಸೀನಿಯರ್ ನಗ್ತಾ ಮಾತಾಡಿಸಿದ್ರೆ ಸುತ್ತ ಹತ್ತು ಜನ ‘ಓಹೋ’ ಅಂತಾರೆ ಅನ್ನೋದು ಅವನಿಗೆ ಮೊದಲೇ ಗೊತ್ತಿತ್ತು. ನಾನು ಅದನ್ನೇ ಮತ್ತೆ ಮಾಡಿದ್ದೆ. ಆವತ್ತಿನಿಂದ ಅಂಥ ಮಾತು ಹತ್ತು ಜನರ ಮುಂದೆ ಆಡಲಿಲ್ಲ.

ಆಮೇಲಾಮೇಲೆ ಅವನೇ ಮಾತು ತೆಗೆಯೋಕೆ ಶುರು ಮಾಡಿದ. ‘ಏನಕ್ಕ, ಇವತ್ತು ಹತ್ತು ನಿಮಿಷ ಲೇಟು?’ ಅಂತ ಕಾಲೆಳೆದ. ಅವನೇ ಫೋನ್ ತೆಗೆದು ತಮ್ಮೂರ ಜಾತ್ರೆ ವಿಡಿಯೋ ತೋರಿಸಿದ. ನಾನು ಕಾಯ್ತಿದ್ದಿದ್ದು ಇದಕ್ಕೇ. ನಾನು ಎಸೆದ ಮಾತಿಗೆ ಉತ್ತರ ಬಂದ್ರೆ ಸಾಲದು, ಅವನ ಕಡೆಯಿಂದಲೂ ಒಂದು ಮಾತು ಹುಟ್ಟಬೇಕು.

ಆದ್ರೂ ಕೇಳೋಕೆ ಮುಂಚೆ ಒಂದು ಕೆಲಸ ಬಾಕಿ ಇತ್ತು. ರಿಹರ್ಸಲ್‌ಗೆ ಬಂದವರ ಅಟೆಂಡೆನ್ಸ್ ಲಿಸ್ಟ್ ಬರೆದು ಎಚ್‌ಒಡಿ ಹತ್ರ ಸಹಿ ಮಾಡಿಸ್ತಿದ್ದದ್ದು ನಾನು. ವಿಟಿಯುನಲ್ಲಿ 85 ಪರ್ಸೆಂಟ್ ಹಾಜರಾತಿ ಬೇಕು. ಅವನ ಹಾಜರಾತಿ ನನ್ನ ಪೆನ್ನಿನ ತುದೀಲಿ ಇರೋವಾಗ ‘ಕಾಫಿಗೆ ಬರ್ತೀಯಾ’ ಅಂದ್ರೆ, ಅವನು ‘ಹೂಂ’ ಅಂದಿದ್ದು ನನಗೋ ಲಿಸ್ಟಿಗೋ ಅಂತ ನನಗೆ ಹೇಗೆ ಗೊತ್ತಾಗುತ್ತೆ? ಲಿಸ್ಟ್ ಗೆಳತಿಗೆ ಒಪ್ಪಿಸಿದೆ. ಯಾರಿಗೆ ಯಾವ ಪಾತ್ರ ಅನ್ನೋದೂ ಗ್ರೂಪ್‌ಗೆ ಹಾಕಿ ಆಗಿತ್ತು.

ಆಮೇಲೆ ಹಗಲಲ್ಲೇ, ಈ ಬೆಂಚಿನ ಮೇಲೆ ಕೇಳಿದೆ. ‘ಭಾನುವಾರ ಸಂಜೆ ಕಾಫಿಗೆ ಬರ್ತೀಯಾ? ತಂಡದ ಕೆಲಸ ಅಲ್ಲ, ನೀನು ಇಷ್ಟ ಅದಕ್ಕೆ ಕರೀತಿದೀನಿ. ಬೇಡ ಅನ್ಸಿದ್ರೆ ಬೇಡ ಅಂತ ಅಂದುಬಿಡು, ಮತ್ತೆ ಕೇಳಲ್ಲ.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡೋಣ ಅಕ್ಕ, ಇಂಟರ್ನಲ್ಸ್ ಇದೆ’ ಅಂದ.

ನಮ್ಮಲ್ಲಿ ದೊಡ್ಡವರಿಗೆ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನೋ ಅಭ್ಯಾಸ ಹೆಚ್ಚಿನವರಿಗೆ ಇಲ್ಲ. ‘ನೋಡೋಣ’, ‘ಹೇಳ್ತೀನಿ’, ‘ಮನೇಲಿ ಕೇಳಬೇಕು’ ಅಂತೀವಿ. ಬರೋ ಮನಸ್ಸಿರೋರು ಇನ್ನೊಂದು ದಿನ ತಾವೇ ಹೇಳ್ತಾರೆ: ಈ ವಾರ ಆಗಲ್ಲ, ಇಂಟರ್ನಲ್ಸ್ ಮುಗೀಲಿ, ಶನಿವಾರ ಆಗುತ್ತಾ ಅಂತ. ಇವನು ಯಾವ ದಿನವನ್ನೂ ಹೇಳಲಿಲ್ಲ, ಜೊತೆಗೆ ‘ಅಕ್ಕ’ ಬೇರೆ ಸೇರಿಸಿದ. ‘ಸರಿ ಕಣೋ, ಚೆನ್ನಾಗಿ ಓದ್ಕೋ’ ಅಂದು ಎದ್ದೆ.

ಇಂಟರ್ನಲ್ಸ್ ಮುಗಿದ ಸಂಜೆ ‘ಈಗ ಫ್ರೀನಾ?’ ಅಂತ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಆ ಒಂದು ಮೆಸೇಜ್ ಹೋಗಿದ್ರೆ, ಮತ್ತೆ ಕೇಳಲ್ಲ ಅಂದಿದ್ದು ಸುಳ್ಳಾಗ್ತಿತ್ತು. ಮುಖ ಊದಿಸಿಕೊಂಡು ಮಾತು ಬಿಡೋದೂ ಅಷ್ಟೇ ಒತ್ತಡ, ಬೇಡ ಅಂದಿದ್ದಕ್ಕೆ ದಂಡ ಹಾಕಿದ ಹಾಗೆ. ಅದಕ್ಕೆ ರಿಹರ್ಸಲ್‌ನಲ್ಲಿ ಮೊದಲಿನ ಹಾಗೇ ಮಾತಾಡಿಸಿದೆ, ಚೆನ್ನಾಗಿ ಬಾರಿಸಿದ್ರೆ ಚೆನ್ನಾಗಿತ್ತು ಅಂದೆ. ಕಾಲೆಳೆಯೋ ಮಾತು ಮಾತ್ರ ನಿಲ್ಲಿಸಿದೆ. ಕಷ್ಟ ಆಯ್ತು, ನಿಜವಾಗ್ಲೂ ಇಷ್ಟ ಆಗಿದ್ದ.

ಜೂನಿಯರ್ ಕಡೆಯಿಂದ ಸೀನಿಯರ್‌ಗಾದ್ರೂ ಲೆಕ್ಕ ಇದೇ. ನನ್ನ ರೂಮ್‌ಮೇಟ್‌ಗೆ ಒಬ್ಬ ಜೂನಿಯರ್ ದಿನಾ ‘ಊಟ ಆಯ್ತಾ’ ಅಂತ ಕಳಿಸ್ತಿದ್ದ. ಇವಳು ಉತ್ತರ ಕೊಡದಿರೋದೇ ಉತ್ತರ ಅಂತ ಅವನಿಗೆ ಹೊಳೆಯೋಕೆ ಒಂದು ತಿಂಗಳು ಬೇಕಾಯ್ತು. ಅಷ್ಟರಲ್ಲಿ ಇವಳು ಫೋನ್ ಬೆಳಗಿದ್ರೇನೇ ಸಿಡುಕೋ ಹಾಗಾಗಿದ್ಲು.

ನಾಟಕ ಸ್ಪರ್ಧೆ ಮುಗಿಸಿ ರಾತ್ರಿ ಬಸ್ಸಲ್ಲಿ ವಾಪಸ್ ಬರೋವಾಗ ನಮ್ಮ ಡೊಳ್ಳಿನ ಹುಡುಗನೇ ಪಕ್ಕದ ಸೀಟಿಗೆ ಬಂದು ಕೂತ. ‘ಅಕ್ಕ, ಆವತ್ತು ನೀವು ಮತ್ತೆ ಕೇಳ್ತೀರೇನೋ ಅಂತ ಒಂದು ವಾರ ಬೇಕರಿ ಕಡೆಗೇ ಬಂದಿರಲಿಲ್ಲ’ ಅಂದ. ಅಷ್ಟು ಜೋಪಾನವಾಗಿ ಕೇಳಿದ್ರೂ ಅವನ ಒಂದು ವಾರದ ಟೀ ತಪ್ಪಿತ್ತು. ‘ಸಾರಿ ಕಣೋ’ ಅಂದೆ. ‘ಅಯ್ಯೋ, ಬಿಡಿ ಅಕ್ಕ’ ಅಂದ.

ಕಾಲೇಜ್ ಗೇಟ್ ಬಂತು. ಡೊಳ್ಳು ಬಸ್ಸಿನ ಹಿಂದಿನ ಸೀಟಲ್ಲಿ ಸಿಕ್ಕಿಹಾಕಿಕೊಂಡಿತ್ತು. ‘ಒಂದು ಕಡೆ ಹಿಡ್ಕೊಳ್ತೀರಾ ಅಕ್ಕ?’ ಅಂದ. ಇಬ್ಬರೂ ಹಿಡಿದು ಇಳಿಸಿದ್ವಿ.